ರಾತ್ರಿ ಪಾಳಿ ಬದಲಿಸಿಕೊಳ್ಳಲು ಸಹೋದ್ಯೋಗಿಗೆ ಮೆಸೇಜ್ ಬರೆಯುವುದು ಹೇಗೆ?

“ಶುಕ್ರವಾರ ನೈಟ್ ಸ್ವಲ್ಪ ನೋಡ್ಕೊಳ್ತೀರಾ? ಅರ್ಜೆಂಟ್ ಇದೆ. ಮುಂದೆ ಯಾವಾಗಾದರೂ ನಾನು ಮಾಡಿಕೊಡ್ತೀನಿ.”

ಪಾಳಿಯಲ್ಲಿ ಕೆಲಸ ಮಾಡುವವರ ಫೋನಿನಲ್ಲಿ ಇಂಥ ಮೆಸೇಜ್ ಆಗಾಗ ಬರುತ್ತದೆ. ಓದಿದವರು ತಕ್ಷಣ ಉತ್ತರಿಸುವುದಿಲ್ಲ. ಅದಕ್ಕೆ ಮನಸ್ಸಿಲ್ಲದಿರುವುದೇ ಕಾರಣ ಎನ್ನುವಂತಿಲ್ಲ, ಉತ್ತರಿಸಲು ಬೇಕಾದ ಮಾಹಿತಿಯೇ ಅದರಲ್ಲಿಲ್ಲ. ಯಾವ ಶುಕ್ರವಾರ, ಎಷ್ಟು ಗಂಟೆಯಿಂದ, ಎಷ್ಟು ಅರ್ಜೆಂಟ್, ‘ಮುಂದೆ’ ಎಂದರೆ ಯಾವತ್ತು? ಇವನ್ನೆಲ್ಲ ವಾಪಸ್ ಕೇಳಬೇಕು. ಕೇಳುವುದಕ್ಕಿಂತ ಸುಮ್ಮನಿರುವುದು ಸುಲಭ. ಓದಿದವರು ತಮ್ಮ ಡ್ಯೂಟಿ ಚಾರ್ಟ್ ಪಕ್ಕದಲ್ಲಿಟ್ಟುಕೊಂಡು ಒಂದೇ ಸಲಕ್ಕೆ ‘ಆಯ್ತು’ ಅಥವಾ ‘ಆಗಲ್ಲ’ ಎನ್ನುವಂತಿರಬೇಕು ಮೆಸೇಜ್. ಹಾಗೆ ಬರೆಯುವುದನ್ನು ಒಂದು ಉದಾಹರಣೆ ಹಿಡಿದು ನೋಡೋಣ. ರಾತ್ರಿ ಪಾಳಿಯನ್ನೇ ಆರಿಸಿಕೊಳ್ಳಲು ಕಾರಣವಿದೆ: ಹೆಚ್ಚು ಎಡವಟ್ಟಾಗುವುದು ಅಲ್ಲೇ.

ಗೀತಾ ಎಂಬವರು ಮೂರು ಪಾಳಿಯ ಕಡೆ ಕೆಲಸ ಮಾಡುತ್ತಾರೆ ಎಂದಿಟ್ಟುಕೊಳ್ಳಿ. ಬೆಳಗಿನ ಪಾಳಿ 6ರಿಂದ 2, ಸೆಕೆಂಡ್ ಶಿಫ್ಟ್ 2ರಿಂದ 10, ನೈಟ್ 10ರಿಂದ 6. ಜೂನ್ 8ರ ಸೋಮವಾರದಿಂದ 12ರ ಶುಕ್ರವಾರದವರೆಗೆ ಅವರಿಗೆ ನೈಟ್. ಶನಿವಾರ ಬೆಳಿಗ್ಗೆ ಆರೂವರೆಗೆ ತಾಯಿಯನ್ನು ಕಣ್ಣಿನ ಆಪರೇಷನ್‌ಗೆ ಸೇರಿಸಬೇಕು. ಪಾಳಿ 6ಕ್ಕೆ ಮುಗಿದರೂ ಮುಂದಿನವರಿಗೆ ಚಾರ್ಜ್ ಒಪ್ಪಿಸಿ ಹೊರಡುವಷ್ಟರಲ್ಲಿ ಹೊತ್ತಾಗುತ್ತದೆ, ಮೇಲಾಗಿ ರಾತ್ರಿಯಿಡೀ ನಿದ್ದೆ ಇರುವುದಿಲ್ಲ. ಹಾಗಾಗಿ ಶುಕ್ರವಾರದ ನೈಟ್ ಬೇರೆಯವರು ಮಾಡಬೇಕು.

ಮೊದಲು ಚಾರ್ಟ್, ಆಮೇಲೆ ಮೆಸೇಜ್

ಬರೆಯುವ ಮುಂಚೆ ಹತ್ತು ನಿಮಿಷ ಡ್ಯೂಟಿ ಚಾರ್ಟ್ ಮುಂದೆ ಕೂರಬೇಕು. ನೋಡಬೇಕಾದ್ದು ಒಂದು ದಿನವನ್ನಲ್ಲ, ಆ ಪಾಳಿಯ ಹಿಂದಿನ ಮತ್ತು ಮುಂದಿನ ದಿನವನ್ನೂ. ಶುಕ್ರವಾರ ಸೆಕೆಂಡ್ ಶಿಫ್ಟ್ ಇರುವವರನ್ನು ಕೇಳಿದರೆ ಅವರು ಮಧ್ಯಾಹ್ನ 2ರಿಂದ ಮರುದಿನ ಬೆಳಿಗ್ಗೆ 6ರವರೆಗೆ, ಅಂದರೆ 16 ಗಂಟೆ ಒಂದೇ ಸಮನೆ ದುಡಿಯಬೇಕಾಗುತ್ತದೆ. ಶನಿವಾರ ಬೆಳಗಿನ ಪಾಳಿ ಇರುವವರಿಗೂ ಅದೇ ಗತಿ. ಅಂಥವರನ್ನು ಕೇಳಲೇಬಾರದು. ಸ್ನೇಹಕ್ಕೆ ಕಟ್ಟುಬಿದ್ದು ಅವರು ಒಪ್ಪಿದರೂ ಸೂಪರ್‌ವೈಸರ್ ತಡೆಯುತ್ತಾರೆ, ತಡೆಯಲೂ ಬೇಕು.

ಎರಡು ಪಾಳಿಗಳ ನಡುವೆ ಎಷ್ಟು ಬಿಡುವಿರಬೇಕು ಎಂಬುದಕ್ಕೆ ನಿಮ್ಮ ಕೆಲಸದ ಜಾಗದ ನಿಯಮವೇ ಅಂತಿಮ. ಅಳತೆಗೋಲಾಗಿ ಒಂದನ್ನು ಹೇಳಬಹುದು: ಯುರೋಪ್ ಒಕ್ಕೂಟದ 2003ರ ಕೆಲಸದ ವೇಳೆಯ ನಿಯಮ ಪ್ರತಿ 24 ಗಂಟೆಯಲ್ಲಿ ಕನಿಷ್ಠ 11 ಗಂಟೆ ಸತತ ವಿಶ್ರಾಂತಿ ಕೇಳುತ್ತದೆ. ಈ 11 ಗಂಟೆಯನ್ನು ಲೆಕ್ಕಕ್ಕೆ ಇಟ್ಟುಕೊಂಡರೆ ತಪ್ಪುವ ಸಂಭವ ಕಡಿಮೆ.

ಇಲ್ಲಿ ಹಲವರು ಮರೆಯುವುದು ತಮ್ಮದೇ ಬಿಡುವನ್ನು. ಶುಕ್ರವಾರ ಬೆಳಗಿನ ಪಾಳಿ ಇರುವ ಒಬ್ಬರ ಜೊತೆ ಅದೇ ದಿನ ಅದಲುಬದಲು ಮಾಡಿಕೊಂಡರೆ ಸರಿ ಎಂದು ಗೀತಾಗೆ ಅನ್ನಿಸಬಹುದು. ಆದರೆ ಗುರುವಾರದ ಅವರ ನೈಟ್ ಮುಗಿಯುವುದೇ ಶುಕ್ರವಾರ ಬೆಳಿಗ್ಗೆ 6ಕ್ಕೆ. ಬೆಳಗಿನ ಪಾಳಿ ಶುರುವಾಗುವುದೂ ಆಗಲೇ. ಅಲ್ಲಿಗೆ ಆ ದಾರಿ ಮುಚ್ಚಿತು.

ಚಾರ್ಟ್‌ನಲ್ಲಿ ಸುಮಾ ಅವರಿಗೆ 12 ಮತ್ತು 13 ಎರಡೂ ದಿನ ವೀಕ್ಲಿ ಆಫ್ ಇದೆ. 14ರ ಭಾನುವಾರ ಮಧ್ಯಾಹ್ನ 2ಕ್ಕೆ ಅವರ ಮುಂದಿನ ಪಾಳಿ. ಶುಕ್ರವಾರದ ನೈಟ್ ಮಾಡಿದರೂ ಅವರಿಗೆ 32 ಗಂಟೆ ಬಿಡುವು ಸಿಗುತ್ತದೆ. ಕೆಲಸವೂ ಒಂದೇ ತರಹದ್ದು, ಅದೂ ಮುಖ್ಯ. ಗೀತಾ ನೋಡಿಕೊಳ್ಳುವ ಯಂತ್ರ ಅಥವಾ ಡೆಸ್ಕ್ ಸುಮಾ ಅವರಿಗೆ ಗೊತ್ತಿಲ್ಲದಿದ್ದರೆ ಬಿಡುವಿದ್ದೂ ಉಪಯೋಗವಿಲ್ಲ.

ಬದಲಿಗೆ ಏನು ಕೊಡಬೇಕು?

‘ಮುಂದೆ ನೋಡೋಣ’ ಎಂಬುದು ಕೊಡುಗೆಯಲ್ಲ. ಅದನ್ನು ವಸೂಲು ಮಾಡುವ ಹೊಣೆ ಎದುರಿನವರ ಮೇಲೆ ಬೀಳುತ್ತದೆ. ನೈಟ್‌ಗೆ ನೈಟ್, ವಾರದ ಕೊನೆಗೆ ವಾರದ ಕೊನೆ, ಇದು ನ್ಯಾಯ. ಶುಕ್ರವಾರ ರಾತ್ರಿಯ ರಜೆ ಕಳೆದುಕೊಂಡವರಿಗೆ ಮಂಗಳವಾರದ ಸೆಕೆಂಡ್ ಶಿಫ್ಟ್ ತೋರಿಸಿದರೆ ಮುಖ ಸಪ್ಪಗಾಗುವುದು ಸಹಜ.

ಸುಮಾ ಅವರಿಗೆ ಮುಂದಿನ ವಾರ 19 ಶುಕ್ರವಾರ, 20 ಶನಿವಾರ, 21 ಭಾನುವಾರ ಮೂರೂ ನೈಟ್. ಮೂರರಲ್ಲಿ ಯಾವುದಾದರೂ ಎಂದು ಗೀತಾ ಬರೆದುಬಿಟ್ಟರೆ ತೊಂದರೆ. ಆ ವಾರ ಸೋಮವಾರದಿಂದ ಶುಕ್ರವಾರದವರೆಗೆ ಗೀತಾಗೆ ಬೆಳಗಿನ ಪಾಳಿ. 19ರಂದು ಮಧ್ಯಾಹ್ನ 2ಕ್ಕೆ ಬಿಟ್ಟು ರಾತ್ರಿ 10ಕ್ಕೆ ಬಂದರೆ 8 ಗಂಟೆಯಷ್ಟೇ ಬಿಡುವು. 21ರ ನೈಟ್ ಮುಗಿಯುವುದು ಸೋಮವಾರ ಬೆಳಿಗ್ಗೆ 6ಕ್ಕೆ, ಅದೇ ಸೋಮವಾರ 2ಕ್ಕೆ ಅವರ ಸೆಕೆಂಡ್ ಶಿಫ್ಟ್. ಅಲ್ಲೂ 8 ಗಂಟೆ. ಉಳಿಯುವುದು 20ರ ಶನಿವಾರ ಒಂದೇ, ಅದಕ್ಕೆ ಹಿಂದೆ ಮುಂದೆ ಎರಡೂ ಕಡೆ 32 ಗಂಟೆ ಸಿಗುತ್ತದೆ. ಇನ್ನೊಂದು ಆಯ್ಕೆಯಾಗಿ 28ರ ಭಾನುವಾರ ಸುಮಾ ಅವರಿಗಿರುವ ಬೆಳಗಿನ ಪಾಳಿಯನ್ನು ಹೇಳಬಹುದು. ಮಾಡಲಾಗುವುದನ್ನಷ್ಟೇ ಬರೆಯಿರಿ. ಕೊಟ್ಟ ಮಾತನ್ನು ಆಮೇಲೆ ಹಿಂತೆಗೆದುಕೊಂಡರೆ ಮುಂದಿನ ಸಲ ಯಾರೂ ಒಪ್ಪುವುದಿಲ್ಲ.

ಮೆಸೇಜ್ ಹೀಗಿರಲಿ

“ಸುಮಾ ಮೇಡಂ, ನಮಸ್ಕಾರ. ಜೂನ್ 12 ಶುಕ್ರವಾರ ರಾತ್ರಿ 10ರಿಂದ ಜೂನ್ 13 ಶನಿವಾರ ಬೆಳಿಗ್ಗೆ 6ರವರೆಗಿನ ನನ್ನ ನೈಟ್ ಶಿಫ್ಟ್ ನೀವು ಮಾಡಿಕೊಡೋಕೆ ಆಗುತ್ತಾ? ಶನಿವಾರ ಬೆಳಿಗ್ಗೆ 6:30ಕ್ಕೆ ಅಮ್ಮನನ್ನು ಕಣ್ಣಿನ ಆಪರೇಷನ್‌ಗೆ ಸೇರಿಸಬೇಕು, ಜೊತೆಗೆ ಹೋಗೋಕೆ ನಾನೊಬ್ಬಳೇ ಇರೋದು. ಬದಲಿಗೆ ಜೂನ್ 20 ಶನಿವಾರ ರಾತ್ರಿ 10ರಿಂದ ಜೂನ್ 21 ಭಾನುವಾರ ಬೆಳಿಗ್ಗೆ 6ರವರೆಗಿನ ನಿಮ್ಮ ನೈಟ್ ನಾನು ಮಾಡ್ತೀನಿ. ಅದು ಬೇಡ ಅಂದ್ರೆ ಜೂನ್ 28 ಭಾನುವಾರದ ನಿಮ್ಮ ಬೆಳಗಿನ ಶಿಫ್ಟ್ ಆದರೂ ಸರಿ. ಚಾರ್ಟ್‌ನಲ್ಲಿ ನಿಮಗೆ 12, 13 ಎರಡೂ ಆಫ್ ಇದೆ ಅಂತ ನೋಡಿ ಕೇಳ್ತಿದ್ದೀನಿ. ಬೇರೆ ಕೆಲಸ ಇಟ್ಟುಕೊಂಡಿದ್ರೆ ಆಗಲ್ಲ ಅನ್ನಿ, ಇನ್ನೊಬ್ಬರನ್ನು ಕೇಳ್ತೀನಿ. ಜೂನ್ 7 ಭಾನುವಾರ ಸಂಜೆಯೊಳಗೆ ತಿಳಿಸಿದರೆ ಸಾಕು. ನೀವು ಒಪ್ಪಿದ್ರೆ ಸೂಪರ್‌ವೈಸರ್‌ಗೆ ನಾನೇ ಹೇಳ್ತೀನಿ.”

ಉದ್ದವೆನಿಸಬಹುದು, ಆದರೆ ಇದರಲ್ಲಿ ತೆಗೆದುಹಾಕಬಹುದಾದ ವಾಕ್ಯವಿಲ್ಲ. ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವುದು ಮೊದಲ ಸಾಲು. ರಾತ್ರಿ ಪಾಳಿಗೆ ಯಾವಾಗಲೂ ಎರಡು ತಾರೀಖು. ‘12ರ ನೈಟ್’ ಎಂದರೆ ಕೆಲವರಿಗೆ 12ರ ರಾತ್ರಿ ಶುರುವಾಗುವುದು, ಇನ್ನು ಕೆಲವರಿಗೆ 12ರ ಬೆಳಿಗ್ಗೆ ಮುಗಿಯುವುದು. ಕೆಲವು ಕಡೆ ಚಾರ್ಟ್ ತಯಾರಿಸುವವರೇ ಪಾಳಿ ಮುಗಿಯುವ ದಿನದ ಕೆಳಗೆ ನೈಟ್ ಎಂದು ಬರೆದಿರುತ್ತಾರೆ. ಆಗ ಒಬ್ಬರೂ ಬರದ ರಾತ್ರಿ ಒಂದು, ಇಬ್ಬರೂ ಬರುವ ರಾತ್ರಿ ಇನ್ನೊಂದು ಆಗಿಬಿಡುತ್ತದೆ. ಶುರುವಾಗುವ ವಾರ, ತಾರೀಖು, ಗಂಟೆ ಮತ್ತು ಮುಗಿಯುವ ವಾರ, ತಾರೀಖು, ಗಂಟೆ ಎರಡನ್ನೂ ಬರೆದರೆ ಈ ಗೊಂದಲಕ್ಕೆ ಜಾಗವೇ ಇಲ್ಲ. ವಾರದ ಹೆಸರು ಬರೆದರೆ ಇನ್ನೊಂದು ಲಾಭ: ತಾರೀಖು ತಪ್ಪಾಗಿ ಟೈಪ್ ಆದರೆ ವಾರಕ್ಕೆ ಹೊಂದದೆ ಓದಿದವರಿಗೆ ತಕ್ಷಣ ಗೊತ್ತಾಗುತ್ತದೆ. ‘ನಾಳೆ ರಾತ್ರಿ’, ‘ಬರೋ ಶುಕ್ರವಾರ’ ಇವನ್ನು ಬಿಟ್ಟುಬಿಡಿ. ನೈಟ್‌ನಲ್ಲಿರುವವರು ರಾತ್ರಿ 1 ಗಂಟೆಗೆ ಕಳಿಸಿದ ‘ನಾಳೆ’ ಯಾವ ದಿನ ಎಂದು ಓದುವವರಿಗೆ ತಿಳಿಯುವುದು ಕಷ್ಟ.

ಕಾರಣ ಒಂದೇ ವಾಕ್ಯದಲ್ಲಿದೆ. ಈ ಪಾಳಿಯೇ ಏಕೆ ಅಡ್ಡಿ ಎಂಬುದು ಅದರಿಂದ ತಿಳಿದರೆ ಸಾಕು. ತಾಯಿಯ ಕಾಯಿಲೆಯ ಇತಿಹಾಸ ಹೇಳಬೇಕಿಲ್ಲ. ವಿಷಯ ಖಾಸಗಿಯಾಗಿದ್ದರೆ “ಶನಿವಾರ ಬೆಳಿಗ್ಗೆ ಮುಂದೂಡಲಾಗದ ಮನೆ ಕೆಲಸವಿದೆ” ಎಂದರೂ ನಡೆಯುತ್ತದೆ. ಸುಳ್ಳು ಕಾರಣ ಮಾತ್ರ ಬೇಡ. ಮದುವೆಗೆ ಹೋಗಬೇಕಿದ್ದರೆ ಮದುವೆ ಎಂದೇ ಹೇಳಿ. ಬದಲಿ ಪಾಳಿ ಕೊಡುತ್ತಿರುವಾಗ ಅದು ಸಣ್ಣ ಕಾರಣವೇನಲ್ಲ.

ಉತ್ತರಕ್ಕೆ ಗಡುವು ಕೊಟ್ಟಿರುವುದು ಒತ್ತಡ ಹಾಕಲು ಅಲ್ಲ. 7ರ ಸಂಜೆ ‘ಆಗಲ್ಲ’ ಎಂದು ಬಂದರೂ ಇನ್ನೊಬ್ಬರನ್ನು ಕೇಳಲು ನಾಲ್ಕೈದು ದಿನ ಉಳಿದಿರುತ್ತದೆ. ಗಡುವು ದಾಟಿದರೆ ಒಮ್ಮೆ ಫೋನ್ ಮಾಡಿ ಕೇಳಿ, ಆಮೇಲೆ ಮುಂದಿನವರ ಹತ್ತಿರ ಹೋಗಿ.

ಇದನ್ನು ಗ್ರೂಪ್‌ಗೆ ಹಾಕಬೇಡಿ. 30 ಜನರಿರುವ ಗ್ರೂಪ್‌ನಲ್ಲಿ ಬೇರೆ ಯಾರಾದರೂ ಒಪ್ಪುತ್ತಾರೆ ಎಂದು ಎಲ್ಲರೂ ಸುಮ್ಮನಿರುತ್ತಾರೆ, ಅಥವಾ ಇಬ್ಬರು ಒಪ್ಪಿ ಒಬ್ಬರಿಗೆ ಬೇಸರವಾಗುತ್ತದೆ. ಒಂದೇ ಹೊತ್ತಿಗೆ ಮೂವರಿಗೆ ಬೇರೆಬೇರೆಯಾಗಿ ಕಳಿಸಿದರೂ ಇದೇ ಪಾಡು. ಒಬ್ಬರನ್ನು ಕೇಳಿ, ಉತ್ತರ ಬಂದ ಮೇಲೆ ಇನ್ನೊಬ್ಬರು.

ಒಪ್ಪಿದ ಮೇಲೆ

‘ಸರಿ’ ಎಂದಷ್ಟೇ ಉತ್ತರ ಬಂದರೆ ಯಾವುದಕ್ಕೆ ಸರಿ ಎಂದು ಖಚಿತಪಡಿಸಿಕೊಳ್ಳಿ: “ಥ್ಯಾಂಕ್ಸ್ ಮೇಡಂ. ಹಾಗಾದ್ರೆ 12ರ ಶುಕ್ರವಾರ ರಾತ್ರಿ ನೀವು, 20ರ ಶನಿವಾರ ರಾತ್ರಿ ನಾನು. ಇದನ್ನೇ ಸೂಪರ್‌ವೈಸರ್‌ಗೆ ಕಳಿಸ್ತೀನಿ.” ಹೆಬ್ಬೆರಳಿನ ಗುರುತು ಬಂದರೆ ಅದನ್ನು ಒಪ್ಪಿಗೆ ಎಂದು ಎಣಿಸಬೇಡಿ, ಕೆಲವರು ಓದಿದೆ ಎಂದು ಹೇಳಲೂ ಅದನ್ನೇ ಹಾಕುತ್ತಾರೆ.

ಇಬ್ಬರು ಒಪ್ಪಿದ ಮಾತ್ರಕ್ಕೆ ಪಾಳಿ ಬದಲಾಗುವುದಿಲ್ಲ. ಸೂಪರ್‌ವೈಸರ್ ಒಪ್ಪಿ ಚಾರ್ಟ್ ತಿದ್ದುವವರೆಗೆ ಶುಕ್ರವಾರದ ನೈಟ್ ಗೀತಾ ಹೆಸರಿನಲ್ಲೇ ಇರುತ್ತದೆ. ಸುಮಾ ಬರದಿದ್ದರೆ ಗೈರುಹಾಜರಿ ಬೀಳುವುದು ಗೀತಾಗೆ. ಸೂಪರ್‌ವೈಸರ್‌ಗೆ ಕಳಿಸುವ ಮೆಸೇಜ್‌ನಲ್ಲಿ ಎರಡೂ ಪಾಳಿಗಳು, ಯಾರ ಬದಲು ಯಾರು, ಇಬ್ಬರೂ ಒಪ್ಪಿದ್ದಾರೆ ಎಂಬುದು ಇರಲಿ, ಸುಮಾ ಅವರನ್ನೂ ಅದರಲ್ಲಿ ಸೇರಿಸಿ. ತಾಯಿಯ ಆಪರೇಷನ್ ವಿಷಯ ಅಲ್ಲಿ ಬೇಕೇ ಎಂಬುದು ಗೀತಾಗೆ ಬಿಟ್ಟದ್ದು.

ಸೂಪರ್‌ವೈಸರ್ ಕಡೆಯಿಂದ ಬರಬಹುದಾದ ಆಕ್ಷೇಪ ಒಂದಿದೆ. ಎರಡು ಪಾಳಿಗಳು ಬೇರೆಬೇರೆ ವಾರಕ್ಕೆ ಸೇರಿವೆ. ಗೀತಾಗೆ ಮೊದಲ ವಾರ 32 ಗಂಟೆ, ಎರಡನೇ ವಾರ 48 ಗಂಟೆ ಕೆಲಸವಾಗುತ್ತದೆ. ವಾರಕ್ಕೆ 40 ಗಂಟೆ ದಾಟಿದರೆ ಓವರ್‌ಟೈಮ್ ಎಂದು ಲೆಕ್ಕ ಹಾಕುವ ಕಡೆ ಇದಕ್ಕೆ ಒಪ್ಪದಿರಬಹುದು. ನಿಮ್ಮಲ್ಲಿ ಹಾಗಿದ್ದರೆ ಬದಲಿ ಪಾಳಿಯನ್ನು ಅದೇ ವಾರದೊಳಗೆ ಹುಡುಕಬೇಕು. ನೈಟ್ ಭತ್ಯೆ ಇದ್ದರೆ ಅದು ಆ ರಾತ್ರಿ ನಿಜವಾಗಿ ಕೆಲಸ ಮಾಡಿದವರಿಗೆ ಹೋಗುತ್ತದೆಯೇ ಎಂದು ಈಗಲೇ ಕೇಳಿಕೊಳ್ಳಿ, ಸಂಬಳದ ದಿನ ಅಲ್ಲ.

11ರಂದು ತಿದ್ದಿದ ಚಾರ್ಟ್‌ನ ಫೋಟೋ ತೆಗೆದು ಸುಮಾ ಅವರಿಗೆ ಕಳಿಸಿ, ಜೊತೆಗೆ ಆ ರಾತ್ರಿ ಬಾಕಿ ಇರುವ ಕೆಲಸಗಳ ಎರಡು ಸಾಲು. 18ರಂದು ಇನ್ನೊಂದು ಮೆಸೇಜ್: “ಶನಿವಾರ ರಾತ್ರಿ 10ಕ್ಕೆ ನಿಮ್ಮ ಬದಲು ನಾನು ಬರ್ತಿದ್ದೀನಿ.” ಅಷ್ಟರಲ್ಲಿ ಗೀತಾಗೇ ಜ್ವರ ಬಂದರೆ, ಬದಲಿ ಹುಡುಕುವ ಕೆಲಸ ಸುಮಾ ಅವರದ್ದಲ್ಲ, ಗೀತಾದ್ದು. ಆ ನೈಟ್ ಈಗ ಗೀತಾ ಹೆಸರಿನಲ್ಲಿದೆ.