ಅವ್ವನ ಸೀರೆಯಿಂದ ವಾಸನೆ ಬರುತ್ತಿದ್ದರೆ ಅವಳಿಗೆ ಹೇಳುವುದು ಹೇಗೆ?

ಮನೆಯಲ್ಲಿ ಎಲ್ಲರಿಗೂ ಗೊತ್ತಾಗಿರುತ್ತದೆ, ಅವಳೊಬ್ಬಳಿಗೆ ಬಿಟ್ಟು. ಮೊಮ್ಮಕ್ಕಳು ಅವಳ ಮಂಚದ ಹತ್ತಿರ ಸುಳಿಯುವುದು ಕಡಿಮೆಯಾಗಿರುತ್ತದೆ, ಸೊಸೆ ಸುಮ್ನೆ ಕಿಟಕಿ ತೆಗೆಯುತ್ತಾಳೆ, ಮಗ ಊದುಬತ್ತಿ ಹಚ್ಚುತ್ತಾನೆ. ಬಾಯಿಬಿಟ್ಟು ಮಾತ್ರ ಯಾರೂ ಹೇಳುವುದಿಲ್ಲ.

ಅವಳಿಗೆ ನಿಜವಾಗಿಯೂ ಗೊತ್ತಾಗುವುದಿಲ್ಲ. ದಿನವೂ ಜೊತೆಗಿರುವ ವಾಸನೆಯನ್ನು ಮೂಗು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಅದರ ಮೇಲೆ ವಯಸ್ಸಾದಂತೆ ಮೂಗಿನ ಚುರುಕೂ ತಗ್ಗುತ್ತದೆ. ಹಾಗಾಗಿ ಹೊಸ ಸೋಪು ತಂದಿಡುವುದು, 'ಸ್ನಾನ ಆಯ್ತಾ' ಅಂತ ಎರಡೆರಡು ಸಲ ಕೇಳುವುದು, ಇಂಥ ಸೂಚನೆಗಳು ಅವಳನ್ನು ಮುಟ್ಟುವುದಿಲ್ಲ. ಮುಟ್ಟಿದ ದಿನ 'ಇಷ್ಟು ದಿನ ಎಲ್ಲರೂ ನನ್ನ ಬೆನ್ನ ಹಿಂದೆ ಮೂಗು ಮುಚ್ಚಿಕೊಂಡಿದ್ದರು' ಅನ್ನಿಸಿ ನೋವು ಇನ್ನೂ ಜಾಸ್ತಿಯಾಗುತ್ತದೆ. ಆದ್ದರಿಂದ ಹೇಳಲೇಬೇಕು. ಒಬ್ಬರೇ ಹೇಳಬೇಕು, ನೇರವಾಗಿ ಹೇಳಬೇಕು.

ಮೊದಲು ವಾಸನೆ ಎಲ್ಲಿಂದ ಅಂತ ಪತ್ತೆ ಮಾಡಿ

ಕಾರಣ ಗೊತ್ತಿಲ್ಲದೆ ಮಾತು ತೆಗೆದರೆ 'ನೀನು ಸ್ವಚ್ಛ ಇಲ್ಲ' ಅಂದ ಹಾಗೆಯೇ ಕೇಳಿಸುತ್ತದೆ. ಎರಡು ಮೂರು ದಿನ ಗಮನಿಸಿ. ಬೆಳಿಗ್ಗೆ ಸ್ನಾನವಾಗಿ ಒಗೆದ ಸೀರೆ ಉಟ್ಟ ತಕ್ಷಣವೂ ವಾಸನೆ ಇದ್ದರೆ ಅದು ಬಟ್ಟೆಯಲ್ಲೇ ಉಳಿದಿರಬಹುದು. ನಮ್ಮ ಕಡೆ ಬಹಳ ಮನೆಗಳಲ್ಲಿ ಬೋರಿನ ಗಡಸು ನೀರು, ಸೋಪು ನೊರೆ ಬರುವುದಿಲ್ಲ, ಅದರ ಜಿಡ್ಡು ಬಟ್ಟೆಯಲ್ಲೇ ಕೂತು ವಾಸನೆಯನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಸ್ನಾನದ ನಂತರ ಚೆನ್ನಾಗಿದ್ದು ಒಂದೆರಡು ತಾಸಿನಲ್ಲೇ ಘಾಟು ಶುರುವಾದರೆ, ಕುಳಿತ ಗಾದಿಗೂ ಅದೇ ಘಾಟು ಇದ್ದರೆ, ಕೆಮ್ಮಿದಾಗ ಸೀನಿದಾಗ ಅವಳು ತೊಡೆ ಬಿಗಿಹಿಡಿಯುತ್ತಿದ್ದರೆ, ಅದು ಮೂತ್ರ ಸೋರುತ್ತಿರುವ ಲಕ್ಷಣ. ಸ್ತನದ ಕೆಳಗೆ, ಹೊಟ್ಟೆಯ ಮಡಿಕೆಯಲ್ಲಿ ಕೆಂಪಾಗಿ ತುರಿಕೆ ಇದ್ದರೆ ಅದು ಬೂಷ್ಟಿನ ಸೋಂಕಿರಬಹುದು, ಅದಕ್ಕೆ ಬೇರೆ ಮುಲಾಮು ಬೇಕು.

ವಯಸ್ಸಾದ ಹೆಂಗಸರಲ್ಲಿ ಮೂತ್ರ ಸೋರುವುದು ತುಂಬಾ ಸಾಮಾನ್ಯ, ತುಂಬಾ ಮುಚ್ಚಿಡುವ ವಿಷಯವೂ ಹೌದು. ಅದಕ್ಕೇ ಇಲ್ಲಿ ಅದನ್ನೇ ಹಿಡಿದು ಬರೆಯುತ್ತೇನೆ.

ಯಾರು, ಯಾವಾಗ

ಮಗಳಿದ್ದರೆ ಮಗಳು, ಇಲ್ಲದಿದ್ದರೆ ತಂಗಿಯೋ ಹತ್ತಿರದ ಗೆಳತಿಯೋ ಹೇಳಲಿ. ಅತ್ತೆ ಸೊಸೆ ನಡುವೆ ಮೊದಲೇ ಕಿರಿಕಿರಿ ಇದ್ದರೆ ಸೊಸೆ ಹೇಳುವುದು ಬೇಡ, ಸರಿಯಾದ ಮಾತೂ ಬೈಗುಳವಾಗಿ ಕೇಳುತ್ತದೆ. ಮದುವೆಗೆ ಹೊರಡುವ ಮುಂಚೆ ಬೇಡ. ಸೀರೆ ಒದ್ದೆಯಾದ ಹೊತ್ತಿನಲ್ಲಂತೂ ಬೇಡವೇ ಬೇಡ. ಮಧ್ಯಾಹ್ನ ಊಟವಾಗಿ ಇಬ್ಬರೇ ಕುಳಿತು ತೊಗರಿಬೇಳೆ ಆರಿಸುವಾಗ ಹೇಳಿ. ಕೈಗೆ ಕೆಲಸ ಇರುತ್ತದೆ, ಕಣ್ಣು ಮೊರದ ಮೇಲಿರುತ್ತದೆ, ಮುಖ ನೋಡಬೇಕಾದ ಇಕ್ಕಟ್ಟು ಇರುವುದಿಲ್ಲ.

ಹೇಳುವ ಮಾತು

ಕಲಬುರಗಿಯ ಒಂದು ಮನೆ ಅಂದುಕೊಳ್ಳಿ. ಅವ್ವನಿಗೆ ಎಪ್ಪತ್ತರ ಸುಮಾರು, ಮೂರು ಹೆರಿಗೆಯಾಗಿದೆ. ಶರಣಬಸವೇಶ್ವರ ಗುಡಿಗೆ ಹೋಗುವುದನ್ನು ಬಿಟ್ಟಿದ್ದಾಳೆ, ಕೇಳಿದರೆ ಮೊಣಕಾಲು ನೋವು ಅನ್ನುತ್ತಾಳೆ. ಮಗಳು ಹೀಗೆ ಶುರು ಮಾಡಬಹುದು:

"ಅವ್ವ, ಒಂದು ಮಾತು ಹೇಳಬೇಕು, ಮನಸ್ಸಿಗಿ ಹಚ್ಕೋಬ್ಯಾಡ. ನಿನ್ನ ಸೀರಿಗಿ ಒಮ್ಮೊಮ್ಮೆ ಒಂದಕ್ಕಿನ ವಾಸನಿ ಬರ್ತದ. ಕೆಮ್ಮಿದಾಗ ಸ್ವಲ್ಪ ಹೋಗ್ತದೇನು?"

ವಾಸನೆಯ ಮಾತು ಒಂದೇ ಸಲ. ಕೂಡಲೇ ದೇಹದ ತೊಂದರೆ ಬಗ್ಗೆ ಪ್ರಶ್ನೆ. ಆಗ ಅವಳು ಉತ್ತರ ಕೊಡಬೇಕಾದದ್ದು ಸೋರುವುದರ ಬಗ್ಗೆ, ತನ್ನ ಸ್ವಚ್ಛತೆಯ ಬಗ್ಗೆ ಅಲ್ಲ.

ಅವಳ ಬಾಯಿಂದ ಬರುವ ಮೊದಲ ಮಾತು ಬಹುಶಃ ಇದೇ: "ಯಾರರ ಏನರ ಅಂದ್ರೇನು?" ಇಲ್ಲಿ ಎಚ್ಚರ. ಸೊಸೆಯ ಹೆಸರನ್ನೋ ಮಕ್ಕಳ ಹೆಸರನ್ನೋ ಎತ್ತಿದಿರೋ ಅಲ್ಲಿಗೆ ಮುಗಿಯಿತು, ಅವಳು ಇನ್ನು ಆ ಮನೆಯಲ್ಲಿ ಯಾರ ಹತ್ತಿರವೂ ನೆಮ್ಮದಿಯಾಗಿ ಕೂರುವುದಿಲ್ಲ. "ನಾನೇ ನೋಡೀನವ್ವ, ಅದಕ್ಕ ನಾನೇ ಹೇಳ್ಲಾಕತ್ತೀನಿ. ಇದಕ್ಕ ಔಷಧ ಅದ" ಅಂದರೆ ಸಾಕು.

ಸಿಟ್ಟು ಮಾಡಿಕೊಂಡರೆ, ಅತ್ತರೆ, "ನನಗೇನೂ ಆಗಿಲ್ಲ" ಅಂದರೆ ಅಲ್ಲಿಗೇ ಬಿಡಿ. ಗಾದಿ ತಂದು ತೋರಿಸಿ ವಾದ ಮಾಡಬೇಡಿ. ಅವತ್ತು ರಾತ್ರಿ ಎಂದಿನಂತೆ ಅವಳ ಪಕ್ಕದಲ್ಲೇ ಕುಳಿತು ರೊಟ್ಟಿ ತಿನ್ನಿ. ನಾಲ್ಕೈದು ದಿನ ಬಿಟ್ಟು "ಡಾಕ್ಟರ್ ಹತ್ರ ಒಮ್ಮೆ ಹೋಗಿ ಬರೋಣೇನು?" ಅಂತ ಮಾತ್ರ ಕೇಳಿ. ಆಕೆ ಈ ನಡುವೆ ಅದನ್ನೇ ಯೋಚಿಸಿರುತ್ತಾಳೆ.

ಒಪ್ಪಿದ ಮೇಲೆ

ಒಂದು ತಪ್ಪು ಎಲ್ಲರೂ ಮಾಡುತ್ತಾರೆ, ಸೋರುತ್ತದೆ ಅಂತ ನೀರು ಕುಡಿಯುವುದನ್ನೇ ಬಿಡುತ್ತಾರೆ. ಇದರಿಂದ ಮೂತ್ರ ಗಟ್ಟಿಯಾಗಿ ಗಾಢ ಹಳದಿಯಾಗುತ್ತದೆ, ಘಾಟು ಹೆಚ್ಚುತ್ತದೆ, ಮೂತ್ರಚೀಲ ಕೆರಳಿ ಮತ್ತೆ ಮತ್ತೆ ಅವಸರವಾಗುತ್ತದೆ. ಬಿಸಿಲು 40 ಡಿಗ್ರಿ ದಾಟುವ ನಮ್ಮ ಏಪ್ರಿಲ್, ಮೇ ತಿಂಗಳಲ್ಲಿ ಇದು ಅಪಾಯ ಕೂಡ. ಹಗಲು ನೀರು ಕುಡಿಯಲಿ, ಮಲಗುವ ಎರಡು ತಾಸು ಮುಂಚೆ ಕಡಿಮೆ ಮಾಡಲಿ, ಸಂಜೆಯ ನಂತರ ಚಹಾ ಬಿಡಲಿ. ಹೃದಯ, ಕಿಡ್ನಿ ತೊಂದರೆ ಇದ್ದವರು ಮಾತ್ರ ವೈದ್ಯರು ಹೇಳಿದ ಅಳತೆಯಲ್ಲೇ ಕುಡಿಯಬೇಕು. ಅವಸರ ಆಗುವವರೆಗೆ ಕಾಯದೆ ಎರಡು ಮೂರು ತಾಸಿಗೊಮ್ಮೆ ಹೋಗಿ ಬರುವ ಅಭ್ಯಾಸ ಆದರೆ ಅರ್ಧ ತೊಂದರೆ ತಗ್ಗುತ್ತದೆ.

ವೈದ್ಯರಲ್ಲಿ ಮೂತ್ರ ಪರೀಕ್ಷೆ, ಸಕ್ಕರೆ ಪರೀಕ್ಷೆ ಎರಡೂ ಆಗಲಿ. ಬಿಪಿಗೆ ಕೊಟ್ಟ ಕೆಲವು ಗುಳಿಗೆಗಳಿಂದ ಮೂತ್ರ ಜಾಸ್ತಿಯಾಗುತ್ತದೆ, ಹಾಗಾಗಿ ಗುಳಿಗೆ ಚೀಟಿ ಕೈಯಲ್ಲಿರಲಿ, ಆದರೆ ನೀವೇ ನಿಲ್ಲಿಸಬೇಡಿ. ಗರ್ಭಕೋಶ ಜಾರಿದ್ದನ್ನು ವರ್ಷಗಟ್ಟಲೆ ಮುಚ್ಚಿಟ್ಟವರಿದ್ದಾರೆ. ಹೆಂಗಸರ ವೈದ್ಯೆ ನೋಡಿದರೆ ಒಳ್ಳೆಯದು, ಅದಕ್ಕೂ ಚಿಕಿತ್ಸೆ ಇದೆ. ಕೆಮ್ಮಿದಾಗ ಸೋರುವವರಿಗೆ ವ್ಯಾಯಾಮ ಹೇಳಿಕೊಡುತ್ತಾರೆ: ಮೂತ್ರ ತಡೆಹಿಡಿಯುವಾಗ ಬಿಗಿಯಾಗುವ ಸ್ನಾಯುವನ್ನು ಸುಮಾರು 5 ಸೆಕೆಂಡು ಬಿಗಿಹಿಡಿದು ಬಿಡುವುದು, ಒಮ್ಮೆಗೆ 10 ಸಲ, ದಿನಕ್ಕೆ 3 ಹೊತ್ತು. ಫಲ ಕಾಣಲು ಮೂರು ತಿಂಗಳು ಬೇಕಾಗಬಹುದು. ಎರಡು ವಾರಕ್ಕೇ ಬಿಡುವವರು ಜಾಸ್ತಿ.

ಅಲ್ಲಿವರೆಗೆ ಮೂತ್ರಕ್ಕೆಂದೇ ಮಾಡಿದ ಪ್ಯಾಡು ಔಷಧದ ಅಂಗಡಿಯಲ್ಲಿ ಕೇಳಿ ತನ್ನಿ. ಮುಟ್ಟಿನ ಪ್ಯಾಡು ಇದಕ್ಕೆ ಅಷ್ಟು ಸಾಲದು. ಒದ್ದೆಯಾದ ಬಟ್ಟೆಯನ್ನು ಮೊದಲು ತಣ್ಣೀರಲ್ಲಿ ಜಾಲಿಸಿ, ಒಂದು ಬಕೆಟ್ ನೀರಿಗೆ ಒಂದು ಲೋಟ ಬಿಳಿ ವಿನೆಗರ್ ಹಾಕಿ ಅರ್ಧ ತಾಸು ನೆನೆಸಿ, ಆಮೇಲೆ ಸೋಪು ಹಚ್ಚಿ ಒಗೆದು ಬಿಸಿಲಲ್ಲಿ ಒಣಗಿಸಿ. ಬ್ಲೀಚಿಂಗ್ ಪುಡಿ ಮಾತ್ರ ಬೇಡ, ಮೂತ್ರದ ಜೊತೆಗೂ ವಿನೆಗರ್ ಜೊತೆಗೂ ಸೇರಿದರೆ ವಿಷದ ಗಾಳಿ ಏಳುತ್ತದೆ. ಈ ಬಕೆಟ್ ಅವಳ ಬಚ್ಚಲಲ್ಲೇ ಇರಲಿ, ಹಿತ್ತಲಲ್ಲಿ ಎಲ್ಲರ ಕಣ್ಣಿಗೆ ಬೀಳುವುದು ಬೇಡ.

ಎರಡು ಸಂದರ್ಭದಲ್ಲಿ ಕಾಯಬೇಡಿ. ಉರಿಮೂತ್ರ, ಜ್ವರ ಬಂದು ಇದ್ದಕ್ಕಿದ್ದಂತೆ ಮಾತು ತಡಬಡಿಸಿದರೆ, ಅಥವಾ ಸಕ್ಕರೆ ಕಾಯಿಲೆ ಇದ್ದು ಉಸಿರಿಗೆ ಕೊಳೆತ ಹಣ್ಣಿನ ವಾಸನೆ, ವಾಂತಿ, ತಡೆಯಲಾರದ ನೀರಡಿಕೆ ಇದ್ದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

ಅಪ್ಪನದೂ ಇದೇ ದಾರಿ, ಆದರೆ ಅಲ್ಲಿ ಪ್ರಾಸ್ಟೇಟ್ ಗ್ರಂಥಿ ಊದಿ ಹನಿಹನಿಯಾಗಿ ಬರುತ್ತಿರಬಹುದು. ಮಗನೋ ಓರಗೆಯ ಗೆಳೆಯನೋ ಕೇಳಲಿ. ಗೆಳೆಯರಿಗಾದರೆ ಹೊಲದ ಬದುವಿನಲ್ಲಿ ನಡೆಯುತ್ತಾ "ದೋಸ್ತ, ರಾತ್ರಿ ಎಷ್ಟು ಸಲ ಏಳ್ತೀ?" ಅಂತ ಶುರು ಮಾಡಿದರೆ ಉಳಿದದ್ದನ್ನು ಬಹಳ ಸಲ ಅವರೇ ಹೇಳುತ್ತಾರೆ.