ಬೆಲೆ ನಿಂತಿತ್ತು, ಎಚ್ಚರಿಕೆ ಬರಲಿಲ್ಲ: ನನ್ನ ಅನುಭವ

ತುಮಕೂರಿನ ಮನೆಯಲ್ಲಿ ಹಳೆಯ ಲ್ಯಾಪ್‌ಟಾಪ್ ಒಂದು ಹಗಲೂ ರಾತ್ರಿ ಬಿಟ್‌ಕಾಯಿನ್ ಬೆಲೆ ನೋಡುತ್ತಿರುತ್ತದೆ. ಬೆಲೆ ಶೇ 3ರಷ್ಟು ಏರಿಳಿದರೆ ಮೊಬೈಲ್‌ಗೆ ಸಂದೇಶ ಬರಬೇಕು. ಒಂದು ಶನಿವಾರ ರಾತ್ರಿ ಬೆಲೆ ಕುಸಿಯಿತು, ಸಂದೇಶ ಬರಲಿಲ್ಲ. ವಿನಿಮಯ ಕೇಂದ್ರದ ಸೇವೆ ಕೆಟ್ಟಿತ್ತು. ಪರದೆಯ ಮೇಲೆ ಮಾತ್ರ ಹಳೆಯ ಬೆಲೆ ಹಾಗೆಯೇ ಕುಳಿತಿತ್ತು.

ಯುಪಿಎಸ್ ಹಾಕಿಸಿದೆ, ಉಪಯೋಗವಾಗಲಿಲ್ಲ. ಸಂಪರ್ಕ ಕಡಿದರೆ ಮತ್ತೆ ಜೋಡಿಸುವ ಕೋಡ್ ಬರೆದೆ. ಆದರೆ ಸಂಪರ್ಕ ಕಡಿದೇ ಇರಲಿಲ್ಲ. ಸಂಪರ್ಕ ಇದೆಯೇ ಎಂದು ಕೇಳುವ ಪಿಂಗ್‌ಗೆ ಉತ್ತರ ಬರುತ್ತಿತ್ತು, ವಹಿವಾಟಿನ ಮಾಹಿತಿ ಮಾತ್ರ ಇಲ್ಲ. ಮಿತಿಯನ್ನು ಶೇ 1ಕ್ಕೆ ಇಳಿಸಿದಾಗ, ವಾರಾಂತ್ಯದಲ್ಲಿ ಖರೀದಿ, ಮಾರಾಟದ ಆದೇಶಗಳು ತೆಳುವಾಗಿರುವುದರಿಂದ ಸಣ್ಣ ಅಲುಗಾಟಕ್ಕೂ ಫೋನ್ ಕೂಗಿ ನಿದ್ದೆ ಕೆಟ್ಟಿತು.

ದೋಷ ಇದ್ದದ್ದು ಪರೀಕ್ಷೆಯ ಜಾಗದಲ್ಲಿ. ವಿನಿಮಯ ಕೇಂದ್ರದಿಂದ ವಹಿವಾಟಿನ ಸಂದೇಶ ಬಂದಾಗ ಓಡುವ ಫಂಕ್ಷನ್‌ನೊಳಗೆ ಎಲ್ಲವನ್ನೂ ಬರೆದಿದ್ದೆ. ಸಂದೇಶವೇ ಬಾರದಿದ್ದರೆ ಪರೀಕ್ಷೆಯೂ ನಡೆಯದು! ಈಗ ಪ್ರತ್ಯೇಕ ಟೈಮರ್ 5 ಸೆಕೆಂಡಿಗೊಮ್ಮೆ ಕೊನೆಯ ವಹಿವಾಟಿನ ಸಮಯವನ್ನು ನೋಡುತ್ತದೆ, 30 ಸೆಕೆಂಡು ದಾಟಿದ್ದರೆ ಮಾಹಿತಿ ಹಳತಾಗಿದೆ ಎಂದು ಎಚ್ಚರಿಸುತ್ತದೆ:

```
if now_ms - last_trade_ms > 30000:
    alert("STALE")
else:
    check_price()
```

ಮೊದಲು ಮಾಹಿತಿಯ ವಯಸ್ಸು, ಆಮೇಲೆ ಬೆಲೆ. ಈ ಕ್ರಮ ತಪ್ಪಬಾರದು. ಇನ್ನೊಂದು ಕೇಂದ್ರದ ಬೆಲೆಯನ್ನೂ ಹೀಗೆಯೇ ನೋಡುತ್ತೇನೆ: ಒಂದೇ ನಿಂತರೆ ಆ ಕೇಂದ್ರದ ತೊಂದರೆ, ಎರಡೂ ನಿಂತರೆ ಹೆಚ್ಚಾಗಿ ನಮ್ಮ ಮನೆಯ ಇಂಟರ್ನೆಟ್ಟಿನದು. ಇಂಟರ್ನೆಟ್ಟೇ ಹೋದರೆ ಎಚ್ಚರಿಕೆಯೂ ಹೊರಡುವುದಿಲ್ಲ. ಅದಕ್ಕಾಗಿ ಲ್ಯಾಪ್‌ಟಾಪ್ ನಿಮಿಷಕ್ಕೊಮ್ಮೆ ಹೊರಗಿನ ಬಾಡಿಗೆ ಸರ್ವರ್‌ಗೆ ಹಾಜರಿ ಹಾಕುತ್ತದೆ. 3 ನಿಮಿಷ ಹಾಜರಿ ಬಾರದಿದ್ದರೆ ಆ ಸರ್ವರ್ ನನ್ನನ್ನು ಎಬ್ಬಿಸುತ್ತದೆ.

ಲ್ಯಾಪ್‌ಟಾಪ್ ಗಡಿಯಾರವನ್ನು ಇಂಟರ್ನೆಟ್ಟಿನಲ್ಲಿ ಸರಿಯಾದ ಸಮಯ ಕೊಡುವ ಎನ್‌ಟಿಪಿಗೆ ಹೊಂದಿಸಿಡಿ. ಅದು ಅರ್ಧ ನಿಮಿಷ ಮುಂದಿದ್ದರೂ ಸುಳ್ಳು ಎಚ್ಚರಿಕೆ ಬರುತ್ತದೆ. ವಹಿವಾಟು ಕಡಿಮೆ ಇರುವ ನಾಣ್ಯಗಳಿಗೆ 30 ಸೆಕೆಂಡು ಸಾಲದು, ನಾನು 5 ನಿಮಿಷ ಇಟ್ಟಿದ್ದೇನೆ.