‘ಯಾವ ವಿವೇಕಿ ಅಧಿಕಾರಿಯೂ ಹೀಗೆ ಮಾಡಲಾರ’ ಎಂದು ಹೈಕೋರ್ಟ್‌ಗೆ ಹೇಳುವುದು ಹೇಗೆ?

ಅಧಿಕಾರಿಗಳ ಆದೇಶ ಪ್ರಶ್ನಿಸಿ ಧಾರವಾಡ ಹೈಕೋರ್ಟ್ ಪೀಠಕ್ಕೆ ಹೋಗುವ ರಿಟ್ ಅರ್ಜಿಗಳಲ್ಲಿ ಒಂದು ಸಾಲು ಬಹಳ ಕಡೆ ಸಿಗುತ್ತದೆ: ‘ಸದರಿ ಆದೇಶವು ಕಾನೂನುಬಾಹಿರ, ಏಕಪಕ್ಷೀಯ, ದುರುದ್ದೇಶದ ಹಾಗೂ ಅಸಮಂಜಸ ಆದೇಶವಾಗಿದೆ.’ ನಾಲ್ಕು ಬೇರೆ ಬೇರೆ ಆಪಾದನೆ ಒಂದೇ ಸಾಲಿನಲ್ಲಿವೆ. ಕೆಳಗೆ ಒಂದಕ್ಕೂ ವಿವರಣೆ ಇಲ್ಲ. ಜೂನಿಯರ್‌ಗಳು ತಂದು ತೋರಿಸುವ ಡ್ರಾಫ್ಟ್‌ಗಳಲ್ಲಿ ಇದನ್ನು ನೋಡಿ ನೋಡಿ ಬೇಸತ್ತು ಈ ಲೇಖನ ಬರೆಯುತ್ತಿದ್ದೇನೆ. ಅದರಲ್ಲೂ ಕೊನೆಯದಾದ ಅಸಮಂಜಸತೆಯನ್ನು ಜನ ಅತಿ ಸುಲಭ ಅಂದುಕೊಂಡಿದ್ದಾರೆ. ಕೋರ್ಟ್ ಅದನ್ನು ಒಪ್ಪುವುದು ಬಹಳ ಅಪರೂಪಕ್ಕೆ.

ಒಂದು ಕಲ್ಪಿತ ಪ್ರಕರಣ ಇಟ್ಟುಕೊಂಡು ಮುಂದೆ ಹೋಗೋಣ. ಗದಗ ಜಿಲ್ಲೆಯ ಒಂದು ಪುರಸಭೆ ಊರು. ಬಸ್ ಸ್ಟ್ಯಾಂಡ್ ಎದುರು ಒಬ್ಬ ಅಕ್ಕ ಖಾನಾವಳಿ ನಡೆಸುತ್ತಾರೆ. ಆರೋಗ್ಯ ನಿರೀಕ್ಷಕರು ಬಂದು ನೋಡಿ, ನೀರಿನ ಟ್ಯಾಂಕಿಗೆ ಮುಚ್ಚಳ ಇಲ್ಲ, ಮುಸುರೆ ನೀರಿನ ಪೈಪ್ ಒಡೆದಿದೆ ಎಂದು ಬರೆದರು. ಏಳು ದಿನದೊಳಗೆ ಸರಿಪಡಿಸಿ ಎಂದು ನೋಟಿಸ್ ಬಂತು. ಐದನೇ ದಿನಕ್ಕೆ ಅಕ್ಕ ಎರಡನ್ನೂ ಸರಿ ಮಾಡಿಸಿ, ಬಿಲ್ಲು ಹಚ್ಚಿ ಉತ್ತರ ಕೊಟ್ಟರು. ನಿರೀಕ್ಷಕರು ಮತ್ತೆ ಬಂದು ‘ನ್ಯೂನತೆ ಸರಿಪಡಿಸಲಾಗಿದೆ’ ಎಂದು ವರದಿ ಕೊಟ್ಟರು. ಹತ್ತು ದಿನ ಬಿಟ್ಟು ಮುಖ್ಯಾಧಿಕಾರಿಯ ಆದೇಶ ಬಂತು: ‘ಸಾರ್ವಜನಿಕ ಹಿತದೃಷ್ಟಿಯಿಂದ ಉದ್ದಿಮೆ ಪರವಾನಗಿಯನ್ನು ಕಾಯಂ ಆಗಿ ರದ್ದುಪಡಿಸಿದೆ.’ ಅದೇ ಸಾಲಿನ ಎರಡು ಹೋಟೆಲ್‌ಗಳಿಗೆ ಅದೇ ತಪ್ಪಿಗೆ 500 ರೂಪಾಯಿ ದಂಡ ಮಾತ್ರ.

ಮೊದಲ ಹೆಜ್ಜೆ: ಕಡತ ಕೈಗೆ ಬರಲಿ

ಆದೇಶ, ನೋಟಿಸ್, ಸ್ವೀಕೃತಿ ಮುದ್ರೆ ಇರುವ ಉತ್ತರದ ಪ್ರತಿ, ಬಿಲ್ಲುಗಳು ಅಕ್ಕನ ಹತ್ತಿರವೇ ಇರುತ್ತವೆ. ಇಲ್ಲದೇ ಇರುವುದು ಎರಡನೇ ತಪಾಸಣೆಯ ವರದಿ ಮತ್ತು ಕಡತದ ಟಿಪ್ಪಣಿ ಹಾಳೆಗಳು. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಿ. ಉತ್ತರಕ್ಕೆ 30 ದಿನದ ಗಡುವು ಇದೆ. ಟಿಪ್ಪಣಿ ಹಾಳೆಯನ್ನು ಹೆಸರು ಹೇಳಿಯೇ ಕೇಳಿ, ಇಲ್ಲದಿದ್ದರೆ ಆದೇಶದ ಪ್ರತಿ ಕೊಟ್ಟು ಕೈತೊಳೆದುಕೊಳ್ಳುತ್ತಾರೆ.

ಇದು ಯಾಕೆ ಬೇಕು ಅಂದರೆ, ಆದೇಶಕ್ಕೆ ಸಹಿ ಬಿದ್ದ ದಿನ ಅಧಿಕಾರಿಯ ಮುಂದೆ ಏನಿತ್ತು ಎಂಬುದನ್ನೇ ಕೋರ್ಟ್ ನೋಡುವುದು. ಆಮೇಲೆ ತೆಗೆದ ಫೋಟೊಗಳನ್ನು ಅಧಿಕಾರಿ ಕಡೆಗಣಿಸಿದರು ಅಂತ ಹೇಳಲು ಬರುವುದಿಲ್ಲ.

ಎರಡನೇ ಹೆಜ್ಜೆ: ಮೇಲ್ಮನವಿ ಇದ್ದರೆ ಮೊದಲು ಅಲ್ಲಿಗೇ ಹೋಗಿ

ಯಾವ ಕಾಯ್ದೆಯಡಿ ಆದೇಶ ಬಂದಿದೆಯೋ ಆ ಕಾಯ್ದೆಯಲ್ಲೇ ಮೇಲ್ಮನವಿಗೆ ಅವಕಾಶ ಇದೆಯಾ ನೋಡಿ. ಇದ್ದರೆ ನೇರ ರಿಟ್ ಬೇಡ ಎಂಬುದು ನನ್ನ ಖಚಿತ ಸಲಹೆ. ಮೇಲ್ಮನವಿ ಇದ್ದರೂ ರಿಟ್ ಯಾವಾಗ ಹಾಕಬಹುದು ಎಂದು ಸುಪ್ರೀಂ ಕೋರ್ಟ್ 1998ರ ವರ್ಲ್‌ಪೂಲ್ ಪ್ರಕರಣದಲ್ಲಿ ಪಟ್ಟಿ ಮಾಡಿದೆ: ಮೂಲಭೂತ ಹಕ್ಕಿನ ಪ್ರಶ್ನೆ ಇದ್ದಾಗ, ಸಹಜ ನ್ಯಾಯ ಮುರಿದಾಗ, ಅಧಿಕಾರವೇ ಇಲ್ಲದೆ ಆದೇಶ ಮಾಡಿದಾಗ, ಕಾಯ್ದೆಯ ಸಿಂಧುತ್ವವನ್ನೇ ಪ್ರಶ್ನಿಸಿದಾಗ. ‘ಆದೇಶ ಅಸಮಂಜಸ’ ಎಂಬುದಷ್ಟೇ ಆ ಪಟ್ಟಿಯಲ್ಲಿಲ್ಲ. ಸುಮ್ನೆ ಹೋದರೆ ‘ಮೊದಲು ಮೇಲ್ಮನವಿ ಹಾಕಿ’ ಎಂದು ವಾಪಸ್ ಕಳಿಸುತ್ತಾರೆ, ತಿಂಗಳುಗಳು ಹೋಗುತ್ತವೆ.

ಮೇಲ್ಮನವಿಯಲ್ಲಿ ಇನ್ನೊಂದು ಲಾಭ ಇದೆ. ‘ಈ ತೀರ್ಮಾನ ತಪ್ಪು, ದಂಡ ಹಾಕಿದ್ದರೆ ಸಾಕಿತ್ತು’ ಎಂದು ಅಲ್ಲಿ ನೇರವಾಗಿ ವಾದಿಸಬಹುದು. ರಿಟ್‌ನಲ್ಲಿ ಆ ಮಾತಿಗೆ ಬೆಲೆ ಇಲ್ಲ. ಮೇಲ್ಮನವಿಯಲ್ಲೂ ಸೋತರೆ ಎರಡೂ ಆದೇಶಗಳನ್ನು ಸೇರಿಸಿ ಪ್ರಶ್ನಿಸಿ.

ಮೂರನೇ ಹೆಜ್ಜೆ: ಅಸಮಂಜಸತೆ ಎಂಬ ಆಧಾರ ನಿಮಗೆ ಸಿಗುತ್ತದಾ?

ಇಲ್ಲಿಂದ ಎಡವುವುದು ಶುರು. ಎಲ್ಲರೂ ವೆಡ್ನೆಸ್‌ಬರಿ ಪ್ರಕರಣದ ಹೆಸರು ಬರೆಯುತ್ತಾರೆ, ಅದರಲ್ಲಿ ಅರ್ಜಿದಾರರು ಸೋತರು ಎಂಬುದನ್ನು ಓದಿರುವುದಿಲ್ಲ. ಇಂಗ್ಲೆಂಡಿನ ವೆಡ್ನೆಸ್‌ಬರಿ ಎಂಬ ಊರಿನ ಸ್ಥಳೀಯ ಆಡಳಿತ ಒಂದು ಸಿನಿಮಾ ಮಂದಿರಕ್ಕೆ ಭಾನುವಾರ ಪ್ರದರ್ಶನ ನಡೆಸಲು ಅನುಮತಿ ಕೊಟ್ಟಿತು. ಜೊತೆಗೆ ಒಂದು ಷರತ್ತು ಹಾಕಿತು: ದೊಡ್ಡವರು ಜೊತೆಗಿದ್ದರೂ ಸರಿ, 15 ವರ್ಷದೊಳಗಿನ ಮಕ್ಕಳನ್ನು ಒಳಗೆ ಬಿಡಬಾರದು. ಅಪ್ಪ ಅಮ್ಮನ ಜೊತೆ ಬಂದ ಮಗುವಿಗೂ ಪ್ರವೇಶ ಇಲ್ಲ ಅಂದರೆ ಇದು ಅಸಮಂಜಸ ಎಂದು ಮಂದಿರದವರು ಕೋರ್ಟಿಗೆ ಹೋದರು. 1947ರಲ್ಲಿ ತೀರ್ಪು ಬಂತು. ಮಕ್ಕಳ ಹಿತ ಎಂಬುದು ಆಡಳಿತ ಗಮನಿಸಬಹುದಾದ ವಿಷಯವೇ, ಷರತ್ತು ಕೋರ್ಟಿಗೆ ಹಿಡಿಸಿತೋ ಇಲ್ಲವೋ ಎಂಬುದು ಮುಖ್ಯವಲ್ಲ ಎಂದು ನ್ಯಾಯಾಧೀಶ ಲಾರ್ಡ್ ಗ್ರೀನ್ ಹೇಳಿದರು. ಯಾವ ವಿವೇಕಿ ಆಡಳಿತವೂ ಎಂದೂ ತಲುಪಲಾಗದ ತೀರ್ಮಾನ ಆಗಿದ್ದರೆ ಮಾತ್ರ ಕೋರ್ಟ್ ಕೈ ಹಾಕುತ್ತದೆ. ಅಂಥದ್ದಕ್ಕೆ ಅವರು ಹಳೆಯ ತೀರ್ಪೊಂದರಿಂದ ಕೊಟ್ಟ ಉದಾಹರಣೆ, ಕೂದಲು ಕೆಂಪಗಿದೆ ಅಂತ ಶಿಕ್ಷಕಿಯನ್ನು ಕೆಲಸದಿಂದ ತೆಗೆಯುವುದು.

ನಮ್ಮಲ್ಲೂ 1994ರ ಟಾಟಾ ಸೆಲ್ಯುಲರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದೇ ದಾರಿ ಹಿಡಿಯಿತು. ಕೋರ್ಟ್ ಮೇಲ್ಮನವಿ ಕೇಳಲು ಕೂತಿಲ್ಲ, ತೀರ್ಮಾನ ಮಾಡಿದ ರೀತಿಯನ್ನು ಪರಿಶೀಲಿಸುತ್ತದೆ ಅಷ್ಟೇ.

ಹಾಗಾಗಿ ಡ್ರಾಫ್ಟ್ ಬರೆಯುವ ಮುಂಚೆ ಒಂದು ಹಾಳೆ ತಗೊಂಡು ಅಧಿಕಾರಿಯ ಪರವಾಗಿ ನೀವೇ ಉತ್ತರ ಬರೆಯಿರಿ. ಅವರ ಕಡೆಯ ವಕೀಲರು ಹೇಳಬಹುದಾದ ಅತ್ಯುತ್ತಮ ಕಾರಣ ಯಾವುದು? ಅಕ್ಕನ ಖಾನಾವಳಿಯಲ್ಲಿ ಊಟ ಮಾಡಿದವರಿಗೆ ಹಿಂದಿನ ವರ್ಷ ವಾಂತಿ ಭೇದಿ ಆಗಿತ್ತು, ಮೂರು ಸಲ ನೋಟಿಸ್ ಹೋಗಿತ್ತು ಎಂದು ಕಡತದಲ್ಲಿದ್ದರೆ ಈ ಆಧಾರ ಮುಗಿಯಿತು. ರದ್ದತಿ ಕಠಿಣ ಅನ್ನಿಸಬಹುದು, ಆದರೆ ವಿವೇಕವಿರುವ ಇನ್ನೊಬ್ಬ ಅಧಿಕಾರಿಯೂ ಹಾಗೆ ಮಾಡಬಹುದಿತ್ತು. ಕಡತದಲ್ಲಿ ಅಂಥದ್ದೇನೂ ಇಲ್ಲದೆ, ಇರುವ ಕೊನೆಯ ಕಾಗದ ‘ಸರಿಪಡಿಸಲಾಗಿದೆ’ ಎಂಬ ವರದಿಯೇ ಆಗಿದ್ದರೆ ಮುಂದೆ ಹೋಗಿ.

ಟಿಕೆಟ್ ದುಡ್ಡಿನಲ್ಲಿ ಮೋಸ ಮಾಡಿದ ಕಂಡಕ್ಟರ್‌ಗಳ ಪ್ರಕರಣಗಳಲ್ಲಿ ‘ಮೊತ್ತ ಸಣ್ಣದು, ವಜಾ ಅತಿಯಾಯಿತು’ ಎಂಬ ವಾದವನ್ನು ಸುಪ್ರೀಂ ಕೋರ್ಟ್ ಪದೇ ಪದೇ ತಳ್ಳಿಹಾಕಿದೆ. ಮೊತ್ತ ಎಷ್ಟೇ ಇರಲಿ, ನಂಬಿಕೆ ಹೋಯಿತು ಎಂಬುದು ವಿವೇಕದ ಕಾರಣವೇ. ಇನ್ನೊಂದು ತುದಿಯಲ್ಲಿ 1987ರ ರಣಜಿತ್ ಠಾಕೂರ್ ಪ್ರಕರಣ ಇದೆ. ಬಂಧನದಲ್ಲಿದ್ದಾಗ ಊಟ ಮಾಡು ಎಂಬ ಆಜ್ಞೆ ಮೀರಿದ ಸೈನಿಕನಿಗೆ ಒಂದು ವರ್ಷ ಕಠಿಣ ಸಜೆ, ಜೊತೆಗೆ ವಜಾ. ತಪ್ಪಿಗೂ ಶಿಕ್ಷೆಗೂ ತಾಳಮೇಳವೇ ಇಲ್ಲ ಎಂದು ಕೋರ್ಟ್ ಹೇಳಿತು. ವಿಚಾರಣೆ ನಡೆಸಿದವರ ಪಕ್ಷಪಾತವೂ ಅಲ್ಲಿ ಒಂದು ಕಾರಣವಾಗಿತ್ತು ಎಂಬುದನ್ನು ಮಾತ್ರ ಮುಚ್ಚಿಡಬೇಡಿ. ಎದುರಿನವರು ಹೇಗೂ ಓದಿಕೊಂಡೇ ಬಂದಿರುತ್ತಾರೆ.

ನಾಲ್ಕನೇ ಹೆಜ್ಜೆ: ಆಧಾರ ಬರೆಯುವುದು

ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ರೆಡಿಮೇಡ್ ‘ಗ್ರೌಂಡ್ಸ್’ ಫೈಲುಗಳನ್ನು ಮುಟ್ಟಬೇಡಿ. ಅವುಗಳಲ್ಲಿ ಬರೀ ವಿಶೇಷಣ ಇರುತ್ತವೆ, ಸಂಗತಿ ಇರುವುದಿಲ್ಲ. ಹೆಡ್‌ನೋಟ್ ಮಾತ್ರ ಓದಿ ತೀರ್ಪು ಉಲ್ಲೇಖಿಸುವುದೂ ಅಷ್ಟೇ ಕೆಟ್ಟದ್ದು.

ಅಸಮಂಜಸತೆಗೆ ಲಾರ್ಡ್ ಗ್ರೀನ್ ಎರಡು ಅರ್ಥ ಹೇಳಿದ್ದಾರೆ. ಒಂದು, ಗಮನಿಸಬೇಕಾದ್ದನ್ನು ಬಿಟ್ಟದ್ದು ಅಥವಾ ಗಮನಿಸಬಾರದ್ದನ್ನು ಸೇರಿಸಿದ್ದು. ಇನ್ನೊಂದು, ಅದೆಲ್ಲ ಸರಿ ಇದ್ದರೂ ಬಂದ ತೀರ್ಮಾನವೇ ವಿವೇಕಕ್ಕೆ ಮೀರಿದ್ದು. ಮೊದಲನೆಯದನ್ನು ಕಾಗದ ತೋರಿಸಿ ಸಾಬೀತು ಮಾಡಬಹುದು. ಎರಡನೆಯದಕ್ಕೆ ನ್ಯಾಯಮೂರ್ತಿಗಳ ಮನಸ್ಸು ಒಪ್ಪಬೇಕು. ಆದ್ದರಿಂದ ಯಾವಾಗಲೂ ಮೊದಲನೆಯದನ್ನು ಮೊದಲು, ಬೇರೆ ಪ್ಯಾರಾದಲ್ಲಿ ಬರೆಯಿರಿ. ಅಕ್ಕನ ಅರ್ಜಿಯಲ್ಲಿ ಅದು ಹೀಗೆ ಬರಬೇಕು:

‘ನೋಟಿಸ್‌ನಲ್ಲಿ ಹೇಳಿದ ಎರಡೂ ನ್ಯೂನತೆ ಗಡುವಿನೊಳಗೆ ಸರಿಯಾಗಿವೆ ಎಂದು ಆರೋಗ್ಯ ನಿರೀಕ್ಷಕರೇ ವರದಿ ಕೊಟ್ಟಿದ್ದಾರೆ. ವರದಿ ಆದೇಶಕ್ಕಿಂತ ಹತ್ತು ದಿನ ಮುಂಚೆಯೇ ಕಡತ ಸೇರಿದೆ. ಆದೇಶದಲ್ಲಿ ಅದರ ಉಲ್ಲೇಖವೇ ಇಲ್ಲ.’

ಮೂರು ವಾಕ್ಯ, ಪ್ರತಿಯೊಂದಕ್ಕೂ ಒಂದು ದಾಖಲೆ. ‘ಮನಸ್ಸಿಗೆ ಬಂದಂತೆ’ ಎಂಬ ಮಾತು ಎಲ್ಲೂ ಬೇಕಾಗಲಿಲ್ಲ ಅಲ್ವಾ?

ಆಮೇಲೆ ಕಾರಣದ ಪ್ಯಾರಾ. ಆದೇಶದಲ್ಲಿ ಇರುವುದು ‘ಸಾರ್ವಜನಿಕ ಹಿತದೃಷ್ಟಿಯಿಂದ’ ಎಂಬುದಷ್ಟೇ. ಕೋರ್ಟಿಗೆ ಹಾಕುವ ಆಕ್ಷೇಪಣೆಯಲ್ಲಿ ಮುಖ್ಯಾಧಿಕಾರಿ ಹೊಸ ಕಾರಣ ಪೋಣಿಸಲು ನೋಡುತ್ತಾರೆ: ಜಾಗ ಇಕ್ಕಟ್ಟು, ಟ್ರಾಫಿಕ್ ಜಾಸ್ತಿ, ಹೀಗೆ. ಅದನ್ನು ಈಗಲೇ ತಡೆಯಿರಿ. ಆದೇಶ ನಿಲ್ಲಬೇಕಾದ್ದು ಅದರಲ್ಲೇ ಬರೆದ ಕಾರಣದ ಮೇಲೆ, ಆಮೇಲೆ ಅಫಿಡವಿಟ್‌ನಲ್ಲಿ ಕಾರಣ ಸೇರಿಸಲು ಆಗದು ಎಂದು ಮೊಹಿಂದರ್ ಸಿಂಗ್ ಗಿಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನನ್ನ ಪ್ರಕಾರ ಇಂಥ ಅರ್ಜಿಗಳಲ್ಲಿ ವೆಡ್ನೆಸ್‌ಬರಿಗಿಂತ ಹೆಚ್ಚು ಕೆಲಸಕ್ಕೆ ಬರುವ ತೀರ್ಪು ಇದು.

ಪಕ್ಕದ ಎರಡು ಹೋಟೆಲ್‌ಗಳ ವಿಷಯಕ್ಕೆ ಪ್ರತ್ಯೇಕ ಪ್ಯಾರಾ ಕೊಡಿ. ಒಂದೇ ತಪ್ಪಿಗೆ ಒಬ್ಬರಿಗೆ ದಂಡ, ಇನ್ನೊಬ್ಬರಿಗೆ ರದ್ದತಿ ಅಂದರೆ ಅದು ಸಂವಿಧಾನದ 14ನೇ ವಿಧಿಯ ತಾರತಮ್ಯ. ಪರವಾನಗಿ ರದ್ದಾದಾಗ 19ನೇ ವಿಧಿಯಲ್ಲಿರುವ ವ್ಯಾಪಾರ ಮಾಡುವ ಹಕ್ಕಿನ ಪ್ರಶ್ನೆಯೂ ಬರುತ್ತದೆ. ಇಂಥ ಕಡೆ ಕೋರ್ಟ್ ಇನ್ನೂ ಹತ್ತಿರದಿಂದ ನೋಡಬಹುದು, ಉದ್ದೇಶಕ್ಕೂ ಕ್ರಮಕ್ಕೂ ಅಳತೆ ಸರಿ ಇದೆಯಾ ಎಂದು ತೂಗಬಹುದು ಎಂಬುದು 2000ದ ಓಂ ಕುಮಾರ್ ತೀರ್ಪಿನಿಂದ ಸ್ಪಷ್ಟ. ತಾರತಮ್ಯ ಇಲ್ಲದ, ಬರೀ ಸ್ವೇಚ್ಛೆಯ ದೂರು ಆದರೆ ಮತ್ತೆ ವೆಡ್ನೆಸ್‌ಬರಿಯ ಕಠಿಣ ಅಳತೆಯೇ. ಹಾಗಾಗಿ ದಂಡದ ರಸೀದಿಗಳ ಪ್ರತಿ ಸಿಕ್ಕರೆ ಬಿಡಬೇಡಿ.

ಇಷ್ಟಾದ ಮೇಲೆ ಕೊನೆಗೆ ಆ ಮಾತು ಬರಲಿ: ನ್ಯೂನತೆ ಸರಿಯಾಗಿದೆ ಎಂಬ ತನ್ನದೇ ಕಚೇರಿಯ ವರದಿ ಮುಂದಿರುವಾಗ, ಅದೇ ನ್ಯೂನತೆಗಾಗಿ ಕಾಯಂ ರದ್ದತಿ ಮಾಡುವ ತೀರ್ಮಾನಕ್ಕೆ ಯಾವ ವಿವೇಕಿ ಅಧಿಕಾರಿಯೂ ಬರಲಾರ. ಒಂದೇ ಸಲ ಹೇಳಿ.

ಐದನೇ ಹೆಜ್ಜೆ: ಏನು ಕೇಳಬೇಕು

ರದ್ದತಿ ಆದೇಶವನ್ನು ವಜಾ ಮಾಡಿ, ಎರಡನೇ ವರದಿ ನೋಡಿ ಹೊಸದಾಗಿ ತೀರ್ಮಾನಿಸಲು ಇಂತಿಷ್ಟು ವಾರದ ಗಡುವು ಹಾಕಿ ಎಂದು ಕೇಳಿ. ಜೊತೆಗೆ, ಅಲ್ಲಿವರೆಗೆ ಖಾನಾವಳಿ ನಡೆಯಲು ಮಧ್ಯಂತರ ತಡೆ. ‘ಪರವಾನಗಿ ಕೊಡಿಸಿ’ ಎಂಬುದನ್ನೇ ಮುಖ್ಯ ಬೇಡಿಕೆ ಮಾಡಬೇಡಿ. ಅಧಿಕಾರಿಯ ಕುರ್ಚಿಯಲ್ಲಿ ಕೋರ್ಟ್ ಕೂರುವುದಿಲ್ಲ. ಕನ್ನಡದ ದಾಖಲೆಗಳಿಗೆ ಇಂಗ್ಲಿಷ್ ತರ್ಜುಮೆ ಹಚ್ಚಿ. ಎರಡನೇ ವರದಿಯ ತರ್ಜುಮೆಯನ್ನು ಮಾತ್ರ ನೀವೇ ಕೂತು ಓದಿ ನೋಡಿ, ಇಡೀ ಅರ್ಜಿ ಆ ಒಂದು ವಾಕ್ಯದ ಮೇಲೆ ನಿಂತಿದೆ.

ಗೆದ್ದ ಮೇಲೂ ಕಕ್ಷಿದಾರರಿಗೆ ಒಂದು ವಿಷಯ ತಿಳಿಸಿ ಹೇಳಿ. ಪ್ರಕರಣ ವಾಪಸ್ ಹೋದಾಗ ಮುಖ್ಯಾಧಿಕಾರಿ ಮತ್ತೆ ತಪಾಸಣೆ ಮಾಡಿಸಬಹುದು. ಹೊಸ ತಪ್ಪು ಸಿಕ್ಕರೆ, ಸರಿಯಾದ ಕಾರಣ ಬರೆದು, ಮತ್ತೆ ಕ್ರಮ ಕೈಗೊಳ್ಳಬಹುದು. ಆ ಆದೇಶಕ್ಕೆ ಈ ತೀರ್ಪು ಅಡ್ಡ ಬರುವುದಿಲ್ಲ. ಅದಕ್ಕೇ ಆ ವಾರಗಳಲ್ಲಿ ಟ್ಯಾಂಕಿನ ಮುಚ್ಚಳ, ಪೈಪು, ಗಟಾರ ಎಲ್ಲ ಸರಿ ಇಟ್ಟುಕೊಂಡು, ಯಾರು ಯಾವತ್ತು ತಪಾಸಣೆಗೆ ಬಂದರೂ ವರದಿಯ ಪ್ರತಿಯನ್ನು ಅಲ್ಲೇ ಬರವಣಿಗೆಯಲ್ಲಿ ಕೇಳಿ, ಕೇಳಿದ್ದಕ್ಕೆ ಸ್ವೀಕೃತಿ ಪಡೆಯಲಿ.